ಮೂರು ರಾತ್ರಿಗಾಗಿ ದೇಹದ ಗಡಿಯಾರ ತಿರುಗಿಸಬೇಡಿ

‘ಆರು ತಿಂಗಳು ಮಾಡಿದರೆ ನೈಟ್ ಡ್ಯೂಟಿ ರೂಢಿಯಾಗುತ್ತದೆ’ ಎಂದು ಹೊಸ ನರ್ಸ್‌ಗಳಿಗೆ ಹಿರಿಯರು ಇಂದಿಗೂ ಧೈರ್ಯ ಹೇಳುತ್ತಾರೆ. ಹಗಲು, ರಾತ್ರಿ ಪಾಳಿ ಬದಲಾಗುತ್ತಲೇ ಇರುವವರಿಗೆ ಈ ಮಾತು ಹೊಂದುವುದಿಲ್ಲ.

ದೇಹ ಬೇರೆ ಲಯಕ್ಕೆ ಒಗ್ಗುತ್ತದೆಯೇ ಎಂದು ನೋಡಲು 1938ರಲ್ಲಿ ನಿದ್ರಾ ಸಂಶೋಧಕ ನಥಾನಿಯಲ್ ಕ್ಲೈಟ್‌ಮನ್ ತಮ್ಮ ಶಿಷ್ಯನೊಂದಿಗೆ ಅಮೆರಿಕದ ಮ್ಯಾಮತ್ ಗುಹೆಯಲ್ಲಿ 32 ದಿನ ಇದ್ದು, 28 ಗಂಟೆಯ ದಿನಚರಿ ಪಾಲಿಸಿದರು. ಶಿಷ್ಯನ ದೇಹ ಅದಕ್ಕೆ ಒಗ್ಗಿತು, ಗುರುಗಳದು 24 ಗಂಟೆಯ ಲಯವನ್ನು ಬಿಡಲಿಲ್ಲ. 1982ರಲ್ಲಿ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ಯೂಟಾದ ಕಾರ್ಖಾನೆಯೊಂದರಲ್ಲಿ ಪಾಳಿಯನ್ನು ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಮುಂದಿನ ಕ್ರಮಕ್ಕೆ ತಿರುಗಿಸಿದಾಗ ಕೆಲಸಗಾರರಿಗೆ ಹಿತವೆನಿಸಿತು. 1990ರಲ್ಲಿ ಅವರದೇ ತಂಡ, ರಾತ್ರಿ ಪ್ರಖರ ಬೆಳಕು ಮತ್ತು ಹಗಲು ಕತ್ತಲೆಯಿಂದ ದೇಹದ ಗಡಿಯಾರವನ್ನು ಕೆಲವೇ ದಿನಗಳಲ್ಲಿ ತಿರುಗಿಸಬಹುದೆಂದು ತೋರಿಸಿತು. ಆಮೇಲೆ ಹಲವರ ಗಮನ ದೀಪಗಳತ್ತ ಹೋಯಿತು. ಆದರೆ ತಿರುಗಿಸಿದ್ದನ್ನು ವಾರದೊಳಗೆ ಮತ್ತೆ ಹಿಂದಕ್ಕೆ ತರಬೇಕಾದವರ ಪಾಡೇನು?

ಇದಕ್ಕೆ ಉತ್ತರವು, ಪಾಳಿ ಕೆಲಸವನ್ನು ಅಧ್ಯಯನ ಮಾಡಿದ ಜರ್ಮನಿಯ ರುಟೆನ್‌ಫ್ರಾಂಜ್ ಮತ್ತು ಕ್ನೌತ್ ಅವರ ವಿಚಾರದಲ್ಲಿದೆ. ರಾತ್ರಿಗಳು ಸತತವಾಗಿ ಎರಡು ಮೂರಕ್ಕೆ ನಿಲ್ಲಲಿ, ಗಡಿಯಾರ ಹಗಲಿನದಾಗಿಯೇ ಉಳಿಯಲಿ ಎಂದರು ಅವರು. ನಾವು ಕೆಲವರು ವಾರ್ಡುಗಳಲ್ಲಿ ಹೇಳಿಕೊಡುತ್ತಾ ಬಂದಿರುವ ಕ್ರಮ ಇದನ್ನೇ ಆಧರಿಸಿದೆ.

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗಿನ ಪಾಳಿ ಸತತ ಮೂರು ದಿನ ಇರುವ ನರ್ಸ್ ಒಬ್ಬರನ್ನು ತೆಗೆದುಕೊಳ್ಳೋಣ. ಮೊದಲ ದಿನ ಮಧ್ಯಾಹ್ನ 3ರಿಂದ 4.30ರವರೆಗೆ ಮಲಗಲಿ. ಕಾಫಿ ರಾತ್ರಿ 2ರೊಳಗೆ ಮುಗಿಯಲಿ. ಅನುಮತಿ ಇದ್ದರೆ ನಡುರಾತ್ರಿ 20 ನಿಮಿಷದ ಕಿರುನಿದ್ರೆ ಒಳ್ಳೆಯದು, ಆದರೆ ಎದ್ದು ಕಾಲು ಗಂಟೆ ಕಳೆಯುವವರೆಗೆ ಔಷಧಿಯ ಅಳತೆ ಬೇಡ. ಮನೆಗೆ ಸ್ಕೂಟರ್ ಓಡಿಸುವ ಬದಲು ಬಸ್ ಹಿಡಿಯಲಿ. ಬೆಳಿಗ್ಗೆ 9.30ಕ್ಕೆ ಮಲಗಿದರೆ ಸುಮಾರು 1.30ಕ್ಕೆ ನಿದ್ರೆ ತಾನಾಗಿ ಕಳಚುತ್ತದೆ, ಏಕೆಂದರೆ ಹಗಲಿನ ಗಡಿಯಾರ ಆ ಹೊತ್ತಿಗೆ ಮೈಯನ್ನು ಎಚ್ಚರಿಸುತ್ತಿರುತ್ತದೆ. ಆಗ ಹೊರಳಾಡದೆ ಎದ್ದು ಊಟ ಮಾಡಿ, ಸಂಜೆ 5ಕ್ಕೆ ಇನ್ನೊಂದೂವರೆ ಗಂಟೆ ಮಲಗಲಿ. ಎರಡೂ ಸೇರಿ ಐದೂವರೆ ಗಂಟೆ. ಇದು ಸಾಲದು. ಮೂರು ರಾತ್ರಿಯ ಮಿತಿ ಅದಕ್ಕೇ.

ಕೊನೆಯ ಬೆಳಿಗ್ಗೆ 11.30ಕ್ಕೆ ಅಲಾರಂ ಇಟ್ಟು ಎದ್ದು, ಮಧ್ಯಾಹ್ನ ಬಿಸಿಲಲ್ಲಿ ಓಡಾಡಿ, ರಾತ್ರಿ 9.30ಕ್ಕೆ ಮಲಗಬೇಕು. ಎರಡು ರಜೆಯ ನಂತರವೂ ನಡುರಾತ್ರಿ ಕಣ್ಣು ಚುರುಕಾಗಿದ್ದರೆ, ಬಹುಮಟ್ಟಿಗೆ ಆ ಕೊನೆಯ ಹಗಲು ಸಂಜೆವರೆಗೂ ಮಲಗಿದ್ದೇ ಕಾರಣ. ರಜೆಯಲ್ಲೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು.

ಈ ಕ್ಷೇತ್ರದ ಅನೇಕ ಹೆಸರಾಂತ ಪ್ರಯೋಗಗಳು ನಡೆದದ್ದು ಕತ್ತಲೆಯ, ಸದ್ದಿಲ್ಲದ ಕೋಣೆಗಳಲ್ಲಿ. ಡ್ಯೂಟಿ ಮುಗಿಸಿ ಬಂದು ಮಕ್ಕಳಿಗೆ ಡಬ್ಬಿ ಕಟ್ಟಿ, ಕುಕ್ಕರ್ ಕೂಗುವ ಮನೆಯಲ್ಲಿ ಮಲಗುವ ಹೆಂಗಸಿನ ನಿದ್ರೆ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಬೆಳಗಿನ ಆ ನಾಲ್ಕು ಗಂಟೆಯನ್ನು ಮನೆಯವರು ಕಾಯಬೇಕು. ಮೂರು ರಾತ್ರಿಯ ಬೆನ್ನಿಗೆ ಬರುವ ಎರಡು ರಜೆಯನ್ನು ಡ್ಯೂಟಿ ಚಾರ್ಟ್ ಬರೆಯುವವರು ಕಾಯಬೇಕು. ಇವೆರಡೂ ಸಿಗದವರಿಗೆ ‘ಚೆನ್ನಾಗಿ ನಿದ್ರೆ ಮಾಡಿ’ ಎಂದು ಉಪದೇಶಿಸುವುದು ಅನ್ಯಾಯ.