ಬೆಸುಗೆಯ ಹೊಗೆಯಲ್ಲಿ ಸೀಸ ಇರುತ್ತದೆಯೇ?

‘ಸೀಸವಿಲ್ಲದ ಬೆಸುಗೆ ತಂತಿ ತಂದರೆ ಹೊಗೆಗೆ ಹೆದರಬೇಕಿಲ್ಲ’ ಎಂಬ ಮಾತು ನಿಜವೇ? ಅಲ್ಲ.

ದುದ್ದದ ಮನೆಯೊಂದರಲ್ಲಿ ಹಳೇ ರೇಡಿಯೊದ ಕಿತ್ತುಬಂದ ಸ್ಪೀಕರ್ ವೈರನ್ನು ಬೆಸೆಯುತ್ತಿದ್ದೀರಿ ಎಂದುಕೊಳ್ಳಿ. ಸೋಲ್ಡರಿಂಗ್ ಐರನ್‌ನ ತುದಿ ಸುಮಾರು 350 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸೀಸ ಕುದಿಯಲು 1,700 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾಗಿ ಹೊಗೆಯಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣಿಗೆ ಕಾಣುವ ಹೊಗೆ ತಂತಿಯೊಳಗಿನ ಫ್ಲಕ್ಸ್‌ನದು; ಸಾಮಾನ್ಯವಾಗಿ ಅದು ಪೈನ್ ಮರದ ರಾಳ. ಈ ಹೊಗೆಯನ್ನು ಮತ್ತೆ ಮತ್ತೆ ಉಸಿರಾಡಿದರೆ ಆಸ್ತಮಾ ಬರಬಹುದು. ಸೀಸವಿಲ್ಲದ ತಂತಿಯಲ್ಲೂ ಫ್ಲಕ್ಸ್ ಇರುತ್ತದೆ. ಆದ್ದರಿಂದ ಯಾವ ತಂತಿಯಾದರೂ ಕಿಟಕಿ ತೆರೆದು, ಹೊಗೆಯನ್ನು ಮುಖದಿಂದ ಆಚೆ ಎಳೆಯುವಂತೆ ಚಿಕ್ಕ ಫ್ಯಾನ್ ಇಡಿ.

ಸೀಸ ಮುಖ್ಯವಾಗಿ ದೇಹ ಸೇರುವುದು ಕೈಯಿಂದ ಬಾಯಿಗೆ. ತಂತಿಯನ್ನು ಹಲ್ಲಲ್ಲಿ ಕಚ್ಚಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? 63 ಭಾಗ ತವರ, 37 ಭಾಗ ಸೀಸ ಇರುವ ತಂತಿ 183 ಡಿಗ್ರಿಗೇ ಕರಗುತ್ತದೆ. ಕಲಿಯುವವರಿಗೆ, ಹಳೇ ರೇಡಿಯೊಗೆ ಅದು ಸುಲಭ. ತವರ, ಬೆಳ್ಳಿ, ತಾಮ್ರ ಸೇರಿದ ಸೀಸರಹಿತ ತಂತಿಗೆ ಸುಮಾರು 220 ಡಿಗ್ರಿ ಬೇಕು. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು ಇದ್ದರೆ ಇದೇ ಒಳ್ಳೆಯದು. ಇದರ ಬೆಸುಗೆ ಮಂಕಾಗಿ ಕಂಡರೆ ಕೆಟ್ಟಿದೆ ಎಂದಲ್ಲ. ಲೋಹ ಎರಡೂ ಕಡೆ ಹರಡಿ ಅಂಟಿದೆಯೇ ನೋಡಿ. ಗುಂಡಗೆ ಮುದ್ದೆಯಾಗಿ ಕೂತಿದ್ದರೆ ಮತ್ತೆ ಕಾಯಿಸಿ.

ಫ್ಲಕ್ಸ್ ಬೇರೆಯಾಗಿ ಬೇಕಿದ್ದರೆ ರಾಳದ್ದನ್ನೇ ಕೇಳಿ. ತಗಡು, ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಹಚ್ಚಿದರೆ ಕೆಲವು ದಿನಗಳಲ್ಲಿ ತಾಮ್ರ ಹಸಿರುಗಟ್ಟಿ, ರಿಪೇರಿ ಮಾಡಿದ ವೈರ್ ಮತ್ತೆ ಕಿತ್ತುಬರಬಹುದು.