ಮನೆಗೊಂದೇ ಸಾರ್ವಜನಿಕ ವಿಳಾಸ: ಐಪಿ ಹಂಚಿಕೆ ಬೆಳೆದು ಬಂದ ಬಗೆ

ಅಂತರಜಾಲದಲ್ಲಿ ಮಾಹಿತಿ ಕಳಿಸಲು, ಪಡೆಯಲು ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಬೇಕು. ಇಂದಿಗೂ ಬಳಕೆಯಲ್ಲಿರುವ ನಾಲ್ಕನೇ ಆವೃತ್ತಿಯ ನಿಯಮಗಳು ಪ್ರಕಟವಾದದ್ದು 1981ರ ಸೆಪ್ಟೆಂಬರ್‌ನಲ್ಲಿ. ಅದರಲ್ಲಿ ವಿಳಾಸದ ಉದ್ದ 32 ಬಿಟ್. ಹಾಗಾಗಿ ಜಗತ್ತಿಗೆಲ್ಲ ಸೇರಿ ಸಿಗುವ ವಿಳಾಸಗಳು ಸುಮಾರು 429 ಕೋಟಿ. ಆಗಿನ ಬಳಕೆದಾರರೆಂದರೆ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು ಮತ್ತು ಅಮೆರಿಕದ ಸೇನೆ. ಹಂಚಿಕೆಯೂ ಧಾರಾಳವಾಗಿಯೇ ನಡೆಯಿತು. ಒಂದೊಂದು ಸಂಸ್ಥೆಗೆ 1.67 ಕೋಟಿ ವಿಳಾಸಗಳನ್ನು ಇಡಿಯಾಗಿ ಕೊಟ್ಟ ಉದಾಹರಣೆಗಳುಂಟು.

ಹೀಗೇ ಹಂಚಿದರೆ ವಿಳಾಸಗಳು ಮುಗಿದುಹೋಗುತ್ತವೆ ಎಂಬುದು 1990ರ ದಶಕದ ಆರಂಭದಲ್ಲೇ ತಿಳಿಯಿತು. ಖಾಸಗಿ ವಿಳಾಸದ ಕಲ್ಪನೆ ಹುಟ್ಟಿದ್ದು ಆಗ. 1994ರಲ್ಲಿ ಬಂದ ಪ್ರಸ್ತಾಪ 1996ರ ಫೆಬ್ರವರಿಯಲ್ಲಿ ಸ್ಥಿರರೂಪ ಪಡೆಯಿತು. ಅದರಂತೆ 10ರಿಂದ ಶುರುವಾಗುವ, 172.16ರಿಂದ 172.31ರವರೆಗಿನ ಮತ್ತು 192.168ರಿಂದ ಶುರುವಾಗುವ ವಿಳಾಸಗಳನ್ನು ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ತಮ್ಮ ಆವರಣದೊಳಗೆ ಬಳಸಬಹುದು. ಅವು ಹೊರಜಾಲದಲ್ಲಿ ಚಲಿಸುವಂತಿಲ್ಲ. ಸಾರ್ವಜನಿಕ ವಿಳಾಸವಾದರೋ ಜಗತ್ತಿನಲ್ಲಿ ಒಂದೇ ಕಡೆ ಇರುತ್ತದೆ, 192.168.1.5 ಎಂಬುದು ಅದೇ ಹೊತ್ತಿನಲ್ಲಿ ಲಕ್ಷಾಂತರ ಮನೆಗಳಲ್ಲಿರುತ್ತದೆ. ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಅಂತರಜಾಲ ತೆರೆದದ್ದು 1995ರ ಆಗಸ್ಟ್ 15ರಂದು, ಅಂದರೆ ಧಾರಾಳದ ಕಾಲ ಮುಗಿದ ಮೇಲೆ.

ಖಾಸಗಿ ವಿಳಾಸದ ಸಾಧನ ಹೊರಗೆ ಹೋಗುವ ದಾರಿಯನ್ನು 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ವಿವರಿಸಿದರು. ನ್ಯಾಟ್ ಎಂಬ ಈ ವಿಧಾನದಲ್ಲಿ ಒಳಗಿನ ವಿಳಾಸವನ್ನು ಗಡಿಯಲ್ಲಿರುವ ರೌಟರ್ ಬದಲಿಸಿ ಕಳಿಸುತ್ತದೆ. ಮುಂದೆ ರೂಢಿಗೆ ಬಂದ ರೂಪದಲ್ಲಿ ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯೂ ಬದಲಾಗುತ್ತದೆ. ಒಂದೇ ವಿಳಾಸ ಇಡೀ ಮನೆಗೆ ಸಾಕಾಗುವುದು ಇದರಿಂದಲೇ.

ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ಫೈಬರ್ ಸಂಪರ್ಕವಿರುವ ಒಂದು ಮನೆ ಇದೆ ಎಂದುಕೊಳ್ಳೋಣ. ಅಲ್ಲಿನ ರೌಟರ್ ಮೊಬೈಲಿಗೆ 192.168.1.5, ಲ್ಯಾಪ್‌ಟಾಪಿಗೆ 192.168.1.7 ಎಂಬ ವಿಳಾಸ ಕೊಟ್ಟಿದೆ. ಅಂತರಜಾಲ ಸೇವೆ ಕೊಡುವ ಕಂಪನಿಯಿಂದ ರೌಟರಿಗೆ ಸಿಕ್ಕ ಸಾರ್ವಜನಿಕ ವಿಳಾಸ 203.0.113.20 (ಇದು ಉದಾಹರಣೆಗೆಂದೇ ಮೀಸಲಿಟ್ಟ ಸಂಖ್ಯೆ). ಎರಡೂ ಸಾಧನಗಳು ಒಂದೇ ಜಾಲತಾಣವನ್ನು ತೆರೆದವು. ಆಕಸ್ಮಿಕವಾಗಿ ಎರಡೂ 51000 ಎಂಬ ಪೋರ್ಟನ್ನೇ ಆರಿಸಿಕೊಂಡವು. ರೌಟರ್ ತನ್ನ ನೆನಪಿನಲ್ಲಿ ಹೀಗೆ ಬರೆದುಕೊಳ್ಳುತ್ತದೆ:

```
192.168.1.5:51000 -> 203.0.113.20:40001
192.168.1.7:51000 -> 203.0.113.20:40002
```

ಜಾಲತಾಣದ ಕಣ್ಣಿಗೆ ಬೀಳುವುದು ಬಲಗಡೆಯ ವಿಳಾಸ ಮಾತ್ರ. ಉತ್ತರ 40002ಕ್ಕೆ ಬಂದರೆ ರೌಟರ್ ಪಟ್ಟಿ ನೋಡಿ ಲ್ಯಾಪ್‌ಟಾಪಿಗೆ ಮುಟ್ಟಿಸುತ್ತದೆ. ಸ್ವಲ್ಪ ಹೊತ್ತು ಮಾಹಿತಿ ಓಡಾಡದಿದ್ದರೆ ಆ ಸಾಲನ್ನು ಅಳಿಸಿಬಿಡುತ್ತದೆ.

ತೊಡಕು ಎದುರಾಗುವುದು ಹೊರಗಿನಿಂದ ಒಳಗೆ ಬರಬೇಕಾದಾಗ. ಹುಬ್ಬಳ್ಳಿಯಲ್ಲಿರುವ ಮಗ ಯಲವಿಗಿಯ ಮನೆಯ ಸಿಸಿಟಿವಿಯನ್ನು ನೇರವಾಗಿ ನೋಡಹೊರಟರೆ, ಕೋರಿಕೆ ರೌಟರಿನವರೆಗೆ ಬರುತ್ತದೆ. ಪಟ್ಟಿಯಲ್ಲಿ ಅದಕ್ಕೆ ಸಾಲೇ ಇಲ್ಲದ ಕಾರಣ ಅಲ್ಲೇ ಬಿದ್ದುಹೋಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಸಾಲನ್ನು ಮೊದಲೇ ಕೈಯಾರೆ ಬರೆದಿಡುವುದು. ನ್ಯಾಟ್ ಒಂದು ರಕ್ಷಣಾ ವ್ಯವಸ್ಥೆ ಎಂಬ ನಂಬಿಕೆ ಹುಟ್ಟಿದ್ದು ಹೊರಗಿನ ಕೋರಿಕೆ ಹೀಗೆ ಬಿದ್ದುಹೋಗುವುದರಿಂದ. ಅದು ಅಡ್ಡಪರಿಣಾಮವೇ ಹೊರತು ಉದ್ದೇಶವಲ್ಲ. ಒಳಗಿನವರೇ ತೆರೆದ ಕೇಡಿನ ತಾಣವನ್ನು ಅದು ತಡೆಯುವುದಿಲ್ಲ.

2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಗೊಂಚಲುಗಳೂ ಹಂಚಿಹೋದವು. ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್ ಅದೇ ವರ್ಷದ ಏಪ್ರಿಲ್‌ನಿಂದ ಪಡಿತರದಂತೆ ಕೊಡತೊಡಗಿತು. ಮನೆಗೊಂದು ವಿಳಾಸ ಕೊಡುವುದೂ ಕಷ್ಟವಾದಾಗ ಕಂಪನಿಗಳು ತಮ್ಮಲ್ಲೇ ಇನ್ನೊಂದು ನ್ಯಾಟ್ ಇಟ್ಟು, ಹಲವು ಮನೆಗಳನ್ನು ಒಂದು ವಿಳಾಸದ ಹಿಂದೆ ಸೇರಿಸಿದವು. 2012ರಲ್ಲಿ ಇದಕ್ಕೆಂದು 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ಒಂದು ಮನೆ ಹೀಗೆ ಸೇರಿದೆಯೇ ಎಂದು ಪತ್ತೆ ಮಾಡುವುದು ಸುಲಭ. ರೌಟರಿನ ಪುಟದಲ್ಲಿ WAN IP ಎದುರಿಗಿರುವ ಸಂಖ್ಯೆಯೂ, ಐಪಿ ತೋರಿಸುವ ಜಾಲತಾಣ ಹೇಳುವ ಸಂಖ್ಯೆಯೂ ಬೇರೆಯಾಗಿದ್ದು, ಮೊದಲನೆಯದು 100.64–100.127ರ ನಡುವೆ ಅಥವಾ 10ರಿಂದ ಶುರುವಾಗಿದ್ದರೆ ನ್ಯಾಟ್ ಎರಡು ಸಲ ನಡೆಯುತ್ತಿದೆ ಎಂದರ್ಥ. ಅಂಥ ಮನೆಯಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಸರಿಯಾಗಿ ಮಾಡಿದರೂ ಫಲವಿಲ್ಲ, ಏಕೆಂದರೆ ಹೊರಗಿನ ಪಟ್ಟಿ ಕಂಪನಿಯ ಕೈಯಲ್ಲಿದೆ. ಸಾರ್ವಜನಿಕ ವಿಳಾಸವೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲೂ ಆಗದು. ಪೋರ್ಟ್ ಸಂಖ್ಯೆ ಮತ್ತು ನಿಖರ ಸಮಯವೂ ಬೇಕಾಗುತ್ತದೆ.

ಆರನೇ ಆವೃತ್ತಿಯ ವಿಳಾಸ 128 ಬಿಟ್ ಉದ್ದ. ಮನೆಯ ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಕೊಡುವಷ್ಟು ವಿಶಾಲ. ಭಾರತದ ಮೊಬೈಲ್ ಜಾಲಗಳಲ್ಲಿ, ಮುಖ್ಯವಾಗಿ 2016ರಲ್ಲಿ ಜಿಯೋ ಬಂದ ನಂತರ, ಅದು ವ್ಯಾಪಕವಾಗಿ ಹರಡಿತು. ಆರನೇ ಆವೃತ್ತಿಯಲ್ಲಿ ನ್ಯಾಟ್ ಬೇಕಿಲ್ಲ, ಆದರೆ ಒಳನುಗ್ಗುವುದನ್ನು ತಡೆಯಲು ಫೈರ್‌ವಾಲ್ ಬೇಕು. ನಾಲ್ಕನೇ ಆವೃತ್ತಿಯನ್ನಷ್ಟೇ ಬಲ್ಲ ಜಾಲತಾಣಗಳೂ ಕ್ಯಾಮೆರಾಗಳೂ ಇನ್ನೂ ಸಾಕಷ್ಟಿರುವುದರಿಂದ ಈಗಿನ ಮನೆಯ ರೌಟರುಗಳು ಎರಡು ಆವೃತ್ತಿಗಳನ್ನೂ ಒಟ್ಟಿಗೆ ನಡೆಸುತ್ತವೆ.