ಕಪ್ಪು ಬಿಯರ್ ಎಂದರೆ ಹೆಚ್ಚು ಅಮಲಿನ ಬಿಯರ್ ಎಂಬುದು ನಿಜವೇ?

ಹೇಳಿಕೆ: ಬಿಯರ್ ಕಪ್ಪಾದಷ್ಟೂ ಅಮಲು ಹೆಚ್ಚು. ಸ್ಟೌಟ್, ಪೋರ್ಟರ್, ಡಾರ್ಕ್ ಲಾಗರ್ ಎಲ್ಲವೂ ಒಂದೇ.

ಉತ್ತರ: ಎರಡೂ ತಪ್ಪು.

ಬಣ್ಣ ಬರುವುದು ಹುರಿಯುವುದರಿಂದ

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಇದರಲ್ಲಿರುವ ಪಿಷ್ಟ ಸಕ್ಕರೆಯಾಗುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿಸುತ್ತದೆ. ಕಪ್ಪು ಬಣ್ಣಕ್ಕೆ ಕಾರಣ ಬೇರೆ. ಕಾಫಿ ಬೀಜದಂತೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಹುರಿದ ಧಾನ್ಯವನ್ನು ಸ್ವಲ್ಪ ಸೇರಿಸುತ್ತಾರೆ. ಐರಿಷ್ ಸ್ಟೌಟ್‌ನಲ್ಲಿ ಇದು ಒಟ್ಟು ಧಾನ್ಯದ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಬಣ್ಣಕ್ಕೆ ಅಷ್ಟು ಸಾಕು, ಅಮಲು ಅದರಿಂದ ಏರುವುದಿಲ್ಲ.

ಲೆಕ್ಕ ನೋಡಿ. ಗಿನ್ನೆಸ್ ಡ್ರಾಫ್ಟ್ ಕಡು ಕಪ್ಪು, ಆಲ್ಕೋಹಾಲ್ 4.2%. ಅದರ 330 ಮಿ.ಲೀ.ನಲ್ಲಿ ಸುಮಾರು 11 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮಲ್ಲಿ 'ಸ್ಟ್ರಾಂಗ್' ಹೆಸರಿನಲ್ಲಿ ಸಿಗುವ ಹೊಂಬಣ್ಣದ ಲಾಗರ್ 8% ಇದ್ದರೆ, ಅಷ್ಟೇ ಪ್ರಮಾಣದಲ್ಲಿ ಸುಮಾರು 21 ಗ್ರಾಂ. ಅಂದರೆ ಹೆಚ್ಚುಕಡಿಮೆ ಎರಡರಷ್ಟು.

ಸ್ಟೌಟ್ ಮತ್ತು ಪೋರ್ಟರ್

18ನೇ ಶತಮಾನದ ಲಂಡನ್ನಿನಲ್ಲಿ ಮೂಟೆ ಹೊರುವ ಪೋರ್ಟರ್‌ಗಳಿಗೆ ಅಚ್ಚುಮೆಚ್ಚಾಗಿದ್ದ ಕಂದು ಬಿಯರ್‌ಗೆ ಅವರ ಹೆಸರೇ ಅಂಟಿಕೊಂಡಿತು. ಅದರಲ್ಲೇ ಹೆಚ್ಚು ಗಟ್ಟಿಯಾದದ್ದು 'ಸ್ಟೌಟ್ ಪೋರ್ಟರ್', ಮುಂದೆ ಬರೀ ಸ್ಟೌಟ್ ಆಯಿತು. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟ್ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಎರಡೂ ಇನ್ನಷ್ಟು ಕಪ್ಪಾದವು.

ಇಂದು ಐರಿಷ್ ಸ್ಟೌಟ್‌ಗೆ ಸಾಮಾನ್ಯವಾಗಿ ಮೊಳಕೆ ಬರಿಸದೆ ಹುರಿದ ಬಾರ್ಲಿ ಹಾಕುತ್ತಾರೆ. ಹಾಗಾಗಿ ಸಕ್ಕರೆ ಹಾಕದ ಕಪ್ಪು ಕಾಫಿಯ ಕಹಿ ಬರುತ್ತದೆ. ಪೋರ್ಟರ್‌ನಲ್ಲಿ ಹುರಿದ ಮಾಲ್ಟ್ ಹೆಚ್ಚು, ರುಚಿ ಚಾಕೊಲೇಟ್, ಕ್ಯಾರಮೆಲ್ ಕಡೆಗೆ. ಆದರೆ ಗಡಿ ಖಚಿತವಲ್ಲ. ಒಬ್ಬರ ಪೋರ್ಟರ್ ಇನ್ನೊಬ್ಬರ ಸ್ಟೌಟ್‌ಗಿಂತ ಗಟ್ಟಿಯಾಗಿರಬಹುದು.

ಡಾರ್ಕ್ ಲಾಗರ್ ಹೇಗೆ ಬೇರೆ?

ಜರ್ಮನಿಯ ಮ್ಯೂನಿಕ್ ನಗರದ ಡುಂಕೆಲ್ ಇದಕ್ಕೆ ಉದಾಹರಣೆ. ಇದರ ಮುಖ್ಯ ಮಾಲ್ಟನ್ನು ಹುರಿಯುವುದಿಲ್ಲ, ಸುಮಾರು 100 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಆದ್ದರಿಂದ ಕಾಫಿಯ ಕಹಿ ಇಲ್ಲ, ಬ್ರೆಡ್ಡಿನ ಕಂದು ಅಂಚಿನ ರುಚಿ ಇರುತ್ತದೆ.

ಯೀಸ್ಟ್ ಕೂಡ ಬೇರೆ. ಸ್ಟೌಟ್, ಪೋರ್ಟರ್‌ಗಳು ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸಿನಲ್ಲಿ ಕೆಲವೇ ದಿನಗಳಲ್ಲಿ ಹುದುಗುತ್ತವೆ, ಸ್ವಲ್ಪ ಹಣ್ಣಿನ ಪರಿಮಳವೂ ಬರುತ್ತದೆ. ಲಾಗರ್ 10 ಡಿಗ್ರಿ ಆಸುಪಾಸಿನಲ್ಲಿ ನಿಧಾನವಾಗಿ ಹುದುಗಿ, ನಂತರ ವಾರಗಟ್ಟಲೆ ತಣ್ಣಗೆ ಇರುತ್ತದೆ. ಹಾಗಾಗಿ ಆ ಪರಿಮಳ ಕಡಿಮೆ.

ಗುರುತಿಸುವುದು ಹೇಗೆ?

ಬಣ್ಣ ನಂಬಬೇಡಿ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ಕಪ್ಪಾಗಿದ್ದರೂ ಲಾಗರ್. ಹೆಸರನ್ನೂ ಪೂರ್ತಿ ನಂಬಬೇಡಿ. ಇಂಪೀರಿಯಲ್ ಸ್ಟೌಟ್ 8% ದಾಟುವುದು ಸಾಮಾನ್ಯ. ಎಷ್ಟು ಅಮಲು ಎಂಬುದನ್ನು ಹೇಳುವುದು ಬಾಟಲಿಯ ಮೇಲಿನ ಆಲ್ಕೋಹಾಲ್ ಶೇಕಡಾವಾರು ಮತ್ತು ನೀವು ಕುಡಿದ ಪ್ರಮಾಣ ಮಾತ್ರ.